ಒಂದು ಅಂಕಿಯ ಹಿಂದೆ ಎಷ್ಟು ಪ್ರಶ್ನೆ?

ಅಂತಿಮ ವರ್ಷದ ಪ್ರಾಜೆಕ್ಟ್ ವೈವಾಗೆ ಪ್ರಶ್ನೆ ಬರೆದುಕೊಳ್ಳಲು ಕೂತವರು ಸಾಮಾನ್ಯವಾಗಿ ಪೀಠಿಕೆಯಿಂದ ಶುರುಮಾಡುತ್ತಾರೆ. ನನ್ನ ಹತ್ತಿರ ಬಂದ ಮಕ್ಕಳಿಗೆ ನಾನು ಹೇಳುವುದು ಬೇರೆ: ಪೆನ್ಸಿಲ್ ಹಿಡಿದು ವರದಿಯ ಅಂಕಿಗಳಿಗೆ ಸುತ್ತು ಹಾಕಿ.

ಮಣ್ಣಿನ ತೇವ ನೋಡಿ ನೀರು ಹಾಯಿಸುವ ಪ್ರಾಜೆಕ್ಟನ್ನೇ ತೆಗೆದುಕೊಳ್ಳಿ. ESP32 ಬೋರ್ಡ್, ಕೆಪಾಸಿಟಿವ್ ಸೆನ್ಸರ್. ವರದಿಯಲ್ಲಿ ಒಂದು ಸಾಲಿದೆ: ‘ರೀಡಿಂಗ್ 2200 ದಾಟಿದರೆ ಪಂಪ್ ಚಾಲೂ.’

2200 ಅಂದರೆ ಏನು? ಅದು ತೇವದ ಶೇಕಡಾವಾರು ಅಲ್ಲ. 12 ಬಿಟ್‌ನ ಎಡಿಸಿ ಕೊಡುವ, 0ಯಿಂದ 4095ರೊಳಗಿನ ಒಂದು ಎಣಿಕೆ. ಮಣ್ಣು ಒಣಗಿದರೆ ಅದು ಏರುವುದೇಕೆ? ನೀರು ಕಡಿಮೆಯಾದಂತೆ ಕೆಪಾಸಿಟೆನ್ಸ್ ಇಳಿದು, ಈ ಸೆನ್ಸರಿನ ಔಟ್‌ಪುಟ್ ವೋಲ್ಟೇಜ್ ಏರುತ್ತದೆ. ಸರಿ, 2200ನ್ನೇ ಯಾಕೆ ಆರಿಸಿದಿರಿ? ಹೆಚ್ಚಿನವರು ತಡವರಿಸುವುದು ಇಲ್ಲೇ. ಒಣಮಣ್ಣಿನಲ್ಲಿ, ನೀರುಂಡ ಮಣ್ಣಿನಲ್ಲಿ ತೆಗೆದ ರೀಡಿಂಗ್‌ಗಳ ಕೋಷ್ಟಕ ಯಾವ ಪುಟದಲ್ಲಿದೆ ಎಂದು ತೋರಿಸಬೇಕು. ಕೆಂಪು ಮಣ್ಣಿನ ಕುಂಡದಲ್ಲಿ ಗೊತ್ತುಮಾಡಿದ ಅಂಕಿ ಎರೆಮಣ್ಣಿಗೆ ಹೊಂದಲಿಕ್ಕಿಲ್ಲ ಎಂಬುದೂ ಉತ್ತರದ ಭಾಗವೇ.

ಇನ್ನೂ ಒಂದು ಪ್ರಶ್ನೆ ಅಡಗಿದೆ. ರೀಡಿಂಗ್ 2195, 2205 ಎಂದು ಓಲಾಡಿದರೆ? ರಿಲೇ ಟಕಟಕ ಬಡಿದುಕೊಂಡು ಪಂಪ್ ಮತ್ತೆಮತ್ತೆ ನಿಂತು ಓಡುತ್ತದೆ. 2300ಕ್ಕೆ ಚಾಲೂ, 1900ಕ್ಕೆ ಬಂದ್ ಎಂದು ಎರಡು ಮಿತಿ ಇಟ್ಟರೆ ಈ ತೊಂದರೆ ತಪ್ಪುತ್ತದೆ. ನಿಮ್ಮ ಕೋಡ್‌ನಲ್ಲಿ ಅದಿಲ್ಲದಿದ್ದರೆ ಇಲ್ಲವೆಂದೇ ಬರೆದುಕೊಳ್ಳಿ. ಪರೀಕ್ಷಕರು ಕೋಡ್ ತೆಗೆಸಿ ನೋಡುತ್ತಾರೆ.

ಪ್ರತಿ ಉತ್ತರದ ಪಕ್ಕದಲ್ಲಿ ವರದಿಯ ಪುಟಸಂಖ್ಯೆ ಇರಲಿ. ಪುಟ ಸಿಗದ ಉತ್ತರಕ್ಕೆ ಕೆಂಪು ಗುರುತು ಹಾಕಿ, ಆ ಅಳತೆಯನ್ನು ಲ್ಯಾಬಿನಲ್ಲಿ ಇನ್ನೊಮ್ಮೆ ತೆಗೆಯಿರಿ.