ಓಲೆಗರಿಗಳ ಛಾಯಾಚಿತ್ರಗಳೂ ಅಂಕಾನುಕ್ರಮವೂ

ಓಲೆಗರಿ ಮತ್ತು ಕಾಗದದ ಹಸ್ತಪ್ರತಿಗಳ ಛಾಯಾಚಿತ್ರಗಳನ್ನು ಗಣಕಯಂತ್ರದಲ್ಲಿ ಸಂಗ್ರಹಿಸಿಡುವ ಪದ್ಧತಿಯು ಈಗ ಭಂಡಾರಗಳಲ್ಲಿ ರೂಢಿಗೆ ಬಂದಿದೆ. ಒಂದೊಂದು ಚಿತ್ರವೂ ಒಂದೊಂದು ಫೈಲಾಗಿ, ತನ್ನ ಹೆಸರಿನಲ್ಲಿ ಗರಿಯ ಸಂಖ್ಯೆಯನ್ನು ಹೊತ್ತಿರುತ್ತದೆ. ಆದರೆ ಯಂತ್ರವು ಈ ಹೆಸರುಗಳನ್ನು ಸಾಲಾಗಿ ಜೋಡಿಸಿದಾಗ ಹತ್ತನೆಯ ಗರಿಯು ಎರಡನೆಯ ಗರಿಗಿಂತ ಮುಂದೆ ಬಂದು ನಿಲ್ಲುವುದುಂಟು. ಇದು ಹೇಗಾಗುತ್ತದೆ, ಇದರಿಂದ ಗ್ರಂಥಪಾಠಕ್ಕೆ ಒದಗುವ ಹಾನಿ ಯಾವುದು, ಪರಿಹಾರವೇನು ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಮೊದಲು ಒಂದು ಸರಳ ನಿದರ್ಶನ. ಧವಳಾ ಟೀಕೆಯೊಡಗೂಡಿದ ಷಟ್ಖಂಡಾಗಮವು 1939ರಿಂದ ಮೊದಲ್ಗೊಂಡು ಹದಿನಾರು ಸಂಪುಟಗಳಲ್ಲಿ ಮುದ್ರಿತವಾಯಿತು. ಈ ಸಂಪುಟಗಳ ಫೈಲುಗಳಿಗೆ `dhavala1.pdf` ಇಂದ `dhavala16.pdf` ವರೆಗೆ ಹೆಸರಿಟ್ಟು ಅಕ್ಷರಾನುಕ್ರಮದಲ್ಲಿ ಜೋಡಿಸಿದರೆ ದೊರೆಯುವ ಕ್ರಮ ಇದು: 1, 10, 11, 12, 13, 14, 15, 16, 2, 3, 4, 5, 6, 7, 8, 9. ಒಂದನೆಯ ಸಂಪುಟವನ್ನು ಮುಗಿಸಿದವನ ಕೈಗೆ ಹತ್ತನೆಯದು ಬರುತ್ತದೆ. ಹದಿನಾರನೆಯದಾದ ಮೇಲೆ ಎರಡನೆಯದು.

ಯಂತ್ರವು ಇಲ್ಲಿ ತಪ್ಪು ಮಾಡಿಲ್ಲ. ನಿಘಂಟುಕಾರನ ನಿಯಮವನ್ನೇ ಅನುಸರಿಸಿದೆ. ನಿಘಂಟಿನಲ್ಲಿ ಎರಡು ಶಬ್ದಗಳನ್ನು ಹೋಲಿಸುವಾಗ ಎಡದಿಂದ ಒಂದೊಂದೇ ಅಕ್ಷರವನ್ನು ನೋಡುತ್ತ ಹೋಗಿ, ಮೊದಲು ಭೇದ ಕಂಡಲ್ಲಿ ನಿಂತು ತೀರ್ಮಾನಿಸಲಾಗುತ್ತದೆ. ಶಬ್ದದ ಉದ್ದ ಎಷ್ಟೆಂಬುದು ಅಲ್ಲಿ ಅಪ್ರಸ್ತುತ. ‘ಕಮಲ’ವು ‘ಕರ’ಕ್ಕಿಂತ ಮುಂದೆ ಬರುವುದು ಮಕಾರವು ರೇಫಕ್ಕಿಂತ ಮುಂದಿರುವುದರಿಂದಲೇ ಹೊರತು ಬೇರೆ ಕಾರಣದಿಂದಲ್ಲ. ಯಂತ್ರಕ್ಕೆ ಅಂಕಗಳೂ ಅಕ್ಷರಗಳೇ. ಯೂನಿಕೋಡ್ ಸಂಕೇತಪಟ್ಟಿಯಲ್ಲಿ 0 ಯಿಂದ 9 ರವರೆಗಿನ ಅಂಕಗಳಿಗೆ 48ರಿಂದ 57ರವರೆಗಿನ ಸ್ಥಾನಗಳಿವೆ. 10 ಮತ್ತು 2 ಇವುಗಳನ್ನು ಹೋಲಿಸುವಾಗ ಯಂತ್ರವು ಮೊದಲ ಚಿಹ್ನೆಗಳಾದ 1 ಮತ್ತು 2ನ್ನು ನೋಡಿ, 1 ಹಿಂದಿನದೆಂದು ನಿರ್ಣಯಿಸಿ ನಿಲ್ಲುತ್ತದೆ. ಅದರ ಮುಂದಿನ ಸೊನ್ನೆಯನ್ನು ನೋಡುವುದೇ ಇಲ್ಲ.

ಅಂಕಗಳ ಗತಿಯು ಎಡಕ್ಕೆಂಬುದನ್ನು ಶಾಸನಗಳ ಶಬ್ದಾಂಕಗಳನ್ನು ಓದಿ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಒಂದು ಅಂಕದ ಬೆಲೆಯು ಅದರ ಬಲಗಡೆ ಎಷ್ಟು ಸ್ಥಾನಗಳಿವೆ ಎಂಬುದರಿಂದ ಗೊತ್ತಾಗುತ್ತದೆ, ಏಕಸ್ಥಾನವು ಬಲತುದಿಯಲ್ಲಿದೆ. ಅಕ್ಷರಾನುಕ್ರಮವಾದರೋ ಎಡತುದಿಯಿಂದ ಅಳೆಯುತ್ತದೆ. ಎರಡು ಸಂಖ್ಯೆಗಳಲ್ಲಿ ಸ್ಥಾನಗಳು ಸಮಾನವಾಗಿದ್ದಾಗ ಈ ಎರಡು ಅಳತೆಗಳು ಒಂದೇ ಫಲವನ್ನು ಕೊಡುತ್ತವೆ; ಅಸಮವಾದಾಗ ವಿರೋಧ ಬರುತ್ತದೆ. ದೋಷದ ಮೂಲ ಇಷ್ಟೇ.

ಓಲೆಗರಿಯ ವಿಷಯದಲ್ಲಿ ಇದು ಇನ್ನೂ ತೊಡಕಾಗುತ್ತದೆ. ಗರಿಗೆ ಎರಡು ಬದಿಗಳಿರುವುದರಿಂದ ಮುಂಬದಿಗೆ a, ಹಿಂಬದಿಗೆ b ಎಂದು ಸಂಖ್ಯೆಯ ಮುಂದೆ ಸೇರಿಸುವುದು ವಾಡಿಕೆ. 112 ಗರಿಗಳ ಒಂದು ಗ್ರಂಥವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ 224 ಚಿತ್ರಗಳ ಹೆಸರುಗಳು `ole1a.jpg` ಇಂದ `ole112b.jpg` ವರೆಗೆ ಇವೆ. a ಎಂಬುದರ ಸ್ಥಾನ 97. ಅದು ಎಲ್ಲ ಅಂಕಗಳಿಗಿಂತಲೂ ಮುಂದಿನದು. ಆದಕಾರಣ 1ರ ಬಳಿಕ a ಇರುವ ಹೆಸರು, 1ರ ಬಳಿಕ ಅಂಕವಿರುವ ಎಲ್ಲ ಹೆಸರುಗಳ ಹಿಂದೆ ಬೀಳುತ್ತದೆ. ಧವಳೆಯ ನಿದರ್ಶನದಲ್ಲಿ ಸಂಖ್ಯೆಯ ಬಳಿಕ ಬಿಂದು ಇತ್ತು. ಅದರ ಸ್ಥಾನ 46, ಅಂಕಗಳಿಗಿಂತ ಮೊದಲು. ಆದ್ದರಿಂದ ಅಲ್ಲಿ ಒಂದನೆಯ ಸಂಪುಟವಾದರೂ ಮೊದಲು ನಿಂತಿತು. ಇಲ್ಲಿ ಅದೂ ಇಲ್ಲ.

ಹಾಗಾಗಿ ಈ ಗ್ರಂಥದ ಸಾಲು 100ನೆಯ ಗರಿಯಿಂದ ಆರಂಭವಾಗುತ್ತದೆ. 100ರಿಂದ 109, ಆಮೇಲೆ 10, ಆಮೇಲೆ 110, 111, 112, ಅದರ ಬಳಿಕ 11, 12, ಹೀಗೆ 19ರವರೆಗೆ, ಅನಂತರ 1, ಅನಂತರ 20. ಗ್ರಂಥಾಂತ್ಯದ ಪುಷ್ಪಿಕೆಯಿರುವ 112ನೆಯ ಗರಿಯ ಹಿಂಬದಿಯು ಸಾಲಿನ 28ನೆಯ ಚಿತ್ರ. ಮಂಗಳಾಚರಣೆಯಿರುವ ಮೊದಲ ಗರಿಯ ಮುಂಬದಿಯು 47ನೆಯ ಚಿತ್ರ. ಎಲ್ಲಕ್ಕೂ ಕೊನೆಯದು 9ನೆಯ ಗರಿಯ ಹಿಂಬದಿ. ಗರಿಯ ಅಂಚಿನ ಸಂಖ್ಯೆ ಮಾಸಿದ್ದು, ಓದುವವನು ಸಾಲನ್ನೇ ನಂಬಿದರೆ ಗ್ರಂಥವು ಆದಿಯಲ್ಲಿ ಖಂಡಿತವಾಗಿದೆ, ನಡುವೆ ಮತ್ತೊಂದು ಕೃತಿ ಸೇರಿಕೊಂಡಿದೆ ಎಂಬ ಭ್ರಾಂತಿಗೆ ಎಡೆಯಾಗುತ್ತದೆ.

ಈ ದೋಷವು ಬಹುಕಾಲ ಕಣ್ಣಿಗೆ ಬೀಳದಿರಲು ಒಂದು ಕಾರಣವಿದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಿಂದ ಈಚೆಗೆ ವಿಂಡೋಸ್ ಯಂತ್ರದ ಫೋಲ್ಡರ್ ಕಿಟಕಿಯು ಹೆಸರಿನೊಳಗಿನ ಸಂಖ್ಯೆಯನ್ನು ಅದರ ಬೆಲೆಯಂತೆಯೇ ಎಣಿಸಿ ತೋರಿಸುತ್ತದೆ. 9ರ ಬಳಿಕ 10 ಬರುತ್ತದೆ. ಆದರೆ ಅದೇ ಫೋಲ್ಡರನ್ನು ಬೇರೊಂದು ಪ್ರೋಗ್ರಾಮು ಓದಿ ಎಲ್ಲ ಚಿತ್ರಗಳನ್ನೂ ಒಂದೇ ಪುಸ್ತಕವಾಗಿ ಕಟ್ಟುವಾಗ ಅಕ್ಷರಾನುಕ್ರಮವನ್ನು ಬಳಸಬಹುದು. ಫೋಲ್ಡರಿನಲ್ಲಿ ಸರಿಯಾಗಿ ಕಂಡದ್ದು ಕಟ್ಟಿದ ಪುಸ್ತಕದಲ್ಲಿ ಅಸ್ತವ್ಯಸ್ತವಾಗಿರುತ್ತದೆ. ಒಮ್ಮೆ ಹಾಗೆ ಕಟ್ಟಿದ ಮೇಲೆ ಬಿಡಿ ಫೈಲುಗಳ ಹೆಸರುಗಳು ಅದರಲ್ಲಿ ಕಾಣುವುದಿಲ್ಲವಾದ್ದರಿಂದ ದೋಷವು ಸ್ಥಿರವಾಗಿ ನಿಲ್ಲುತ್ತದೆ. ಪರೀಕ್ಷೆಗೆ ಎಲ್ಲವನ್ನೂ ಓದಬೇಕಾಗಿಲ್ಲ. ಮೊದಲ ಚಿತ್ರ, ಕೊನೆಯ ಚಿತ್ರ, ಮತ್ತು 9ನೆಯ ಗರಿಯಿಂದ 10ಕ್ಕೂ 99ರಿಂದ 100ಕ್ಕೂ ಹೋಗುವ ಎರಡು ಸಂಧಿಗಳನ್ನು ನೋಡಿದರೆ ಸಾಕು. ಹಿಂಬದಿಯ ಕೊನೆಯ ಪದವು ಮುಂದಿನ ಗರಿಯ ಮೊದಲ ಪದದೊಡನೆ ಕೂಡುತ್ತದೆಯೇ ಎಂಬುದೇ ಪ್ರಮಾಣ.

ಪರಿಹಾರಗಳು ಎರಡು. ಮೊದಲನೆಯದು ಹೆಸರಿನಲ್ಲಿಯೇ ಸೊನ್ನೆಗಳನ್ನು ತುಂಬಿ ಎಲ್ಲ ಸಂಖ್ಯೆಗಳನ್ನೂ ಸಮಸ್ಥಾನವಾಗಿಸುವುದು: `ole001a.jpg`, `ole010a.jpg`, `ole112b.jpg`. ಆಗ ಅಕ್ಷರಾನುಕ್ರಮವೂ ಅಂಕಾನುಕ್ರಮವೂ ಒಂದೇ ಆಗಿ, ಯಾವ ಪ್ರೋಗ್ರಾಮಿನಲ್ಲಿಯೂ ಕ್ರಮ ಕೆಡುವುದಿಲ್ಲ. ಹೊಸದಾಗಿ ಚಿತ್ರ ತೆಗೆಯುವವರಿಗೆ ಇದೇ ಮೇಲು. ಆದರೆ ಸ್ಥಾನಗಳೆಷ್ಟೆಂಬುದನ್ನು ಮೊದಲೇ ನಿರ್ಧರಿಸಬೇಕು. ಮೂರು ಸ್ಥಾನಗಳನ್ನಿಟ್ಟ ಬಳಿಕ ಗರಿಗಳು ಸಾವಿರವನ್ನು ಮುಟ್ಟಿದರೆ `ole1000a.jpg` ಎಂಬುದು `ole100a.jpg` ಗಿಂತಲೂ ಮುಂದೆ ಹೋಗುತ್ತದೆ. ಈಗಾಗಲೇ ಇರುವ ಫೈಲುಗಳ ಹೆಸರುಗಳನ್ನು ಬದಲಿಸಿದರೆ, ಸೂಚಿಗಳಲ್ಲಿಯೂ ಸಂಪಾದಕರ ಟಿಪ್ಪಣಿಗಳಲ್ಲಿಯೂ ಹಳೆಯ ಹೆಸರಿನಿಂದ ಮಾಡಿದ ನಿರ್ದೇಶಗಳು ವ್ಯರ್ಥವಾಗುತ್ತವೆ.

ಎರಡನೆಯದು ಹೆಸರುಗಳನ್ನು ಮುಟ್ಟದೆ ಹೋಲಿಕೆಯ ನಿಯಮವನ್ನು ಬದಲಿಸುವುದು. ಇದನ್ನು ಸಹಜ ಅನುಕ್ರಮವೆನ್ನಬಹುದು. ಪದಚ್ಛೇದ ಮಾಡುವಂತೆ ಹೆಸರನ್ನು ಮೊದಲು ತುಂಡುಮಾಡಬೇಕು: ಅಂಕಗಳ ಸಮೂಹ ಒಂದು ಖಂಡ, ಅಂಕಗಳಲ್ಲದವುಗಳ ಸಮೂಹ ಒಂದು ಖಂಡ. `ole10a.jpg` ಎಂಬುದು ole, 10, a.jpg ಎಂದು ಮೂರು ಖಂಡಗಳಾಗುತ್ತದೆ. `ole9b.jpg` ಎಂಬುದು ole, 9, b.jpg ಎಂದಾಗುತ್ತದೆ. ಬಳಿಕ ಖಂಡಕ್ಕೆ ಖಂಡವನ್ನು ಹೋಲಿಸಬೇಕು. ಅಕ್ಷರಖಂಡಗಳನ್ನು ಅಕ್ಷರಾನುಕ್ರಮದಿಂದಲೂ ಅಂಕಖಂಡಗಳನ್ನು ಬೆಲೆಯಿಂದಲೂ ಅಳೆಯಬೇಕು. ಇಲ್ಲಿ ole ಎರಡರಲ್ಲಿಯೂ ಸಮಾನ. ಎರಡನೆಯ ಖಂಡದಲ್ಲಿ 9 ಕಿರಿದು, 10 ಹಿರಿದು. ನಿರ್ಣಯವು ಅಲ್ಲಿಗೆ ಮುಗಿಯಿತು. a, b ಗಳನ್ನು ನೋಡಬೇಕಾದುದು ಗರಿಯ ಸಂಖ್ಯೆ ಒಂದೇ ಆದಾಗ ಮಾತ್ರ. ಪೈಥಾನ್ ಭಾಷೆಯಲ್ಲಿ ಈ ನಿಯಮವನ್ನು ಹೀಗೆ ಬರೆಯಲಾಗುತ್ತದೆ:

```python
import re

def krama(hesaru):
    khanda = re.split(r'(\d+)', hesaru)
    return [int(k) if k.isdecimal() else k
            for k in khanda], hesaru

patti = sorted(patti, key=krama)
```

ಇದರಲ್ಲಿ ಎರಡು ಸೂಕ್ಷ್ಮಗಳಿವೆ. ಹೆಸರು ಅಂಕದಿಂದಲೇ ಆರಂಭವಾದರೂ ಛೇದವು ಮೊದಲಿಗೆ ಒಂದು ಶೂನ್ಯಖಂಡವನ್ನು ಕೊಡುತ್ತದೆ. ಆದ್ದರಿಂದ ಅಕ್ಷರಖಂಡಕ್ಕೆ ಎದುರಾಗಿ ಅಂಕಖಂಡವು ಎಂದೂ ಬರುವುದಿಲ್ಲ. ಕೊನೆಯಲ್ಲಿ ಮೂಲ ಹೆಸರನ್ನೂ ಸೇರಿಸಿರುವುದು, `ole7a.jpg` ಮತ್ತು `ole007a.jpg` ಎಂಬ ಸಮಾನ ಬೆಲೆಯ ಹೆಸರುಗಳೆರಡೂ ಇದ್ದಾಗ ಅವುಗಳ ಕ್ರಮ ಪ್ರತಿಸಲವೂ ಒಂದೇ ಆಗಿರಲೆಂದು. ಲಿನಕ್ಸ್ ಯಂತ್ರದಲ್ಲಿ `ls -v` ಎಂಬ ಆಜ್ಞೆಯು ಈ ಬಗೆಯ ಅನುಕ್ರಮವನ್ನೇ ತೋರಿಸುತ್ತದೆ.

ಕನ್ನಡ ಅಂಕಗಳಿಂದ ಹೆಸರಿಟ್ಟಿರುವ ಸಂಗ್ರಹಗಳಿಗೂ ಮೇಲಿನ ಸೂತ್ರ ಸಲ್ಲುತ್ತದೆ. ಯೂನಿಕೋಡಿನಲ್ಲಿ ೦ ಯಿಂದ ೯ ರವರೆಗಿನ ಅಂಕಗಳಿಗೆ 3302ರಿಂದ 3311ರವರೆಗಿನ ಸ್ಥಾನಗಳಿವೆ. ಒಂದೇ ಫೋಲ್ಡರಿನಲ್ಲಿ ಕೆಲವು ಹೆಸರುಗಳು ‘ಗರಿ10’ ಎಂದೂ ಕೆಲವು ‘ಗರಿ೧೦’ ಎಂದೂ ಇದ್ದರೆ ಅಕ್ಷರಾನುಕ್ರಮದಲ್ಲಿ ಅವು ಎರಡು ಗುಂಪುಗಳಾಗಿ ಒಡೆಯುತ್ತವೆ. ಪೈಥಾನ್ ಭಾಷೆಯು ೧೦ ಎಂಬುದನ್ನೂ ಹತ್ತೆಂದೇ ಗ್ರಹಿಸುವುದರಿಂದ ಸಹಜ ಅನುಕ್ರಮದಲ್ಲಿ ಎರಡೂ ಒಂದೆಡೆ ಸೇರುತ್ತವೆ. ಎಲ್ಲ ಪ್ರೋಗ್ರಾಮುಗಳೂ ಹೀಗೆ ಮಾಡುತ್ತವೆಂದು ನಂಬುವಂತಿಲ್ಲ, ಪರೀಕ್ಷಿಸಿ ನೋಡಬೇಕು.

ಈ ನಿಯಮಕ್ಕೂ ಮಿತಿಗಳಿವೆ. ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದ ಸೂತ್ರಗಳನ್ನು 5.9, 5.10 ಎಂದು ಗುರುತಿಸಿದ್ದರೆ ಬಿಂದುವಿನ ಎರಡು ಕಡೆಯೂ ಪ್ರತ್ಯೇಕ ಸಂಖ್ಯೆಗಳಾಗಿ, ಕ್ರಮವು ಸರಿಯಾಗುತ್ತದೆ. ಆದರೆ ಅದೇ ಬಿಂದುವು ದಶಮಾಂಶವಾಗಿದ್ದರೆ, ಅಂದರೆ 1.5 ಮತ್ತು 1.25 ಎಂಬ ಅಳತೆಗಳಿದ್ದರೆ, 5 ಕಿರಿದು 25 ಹಿರಿದೆಂದು 1.5 ಮೊದಲು ಬರುತ್ತದೆ. ಬಿಂದುವಿನ ಅರ್ಥವನ್ನು ಯಂತ್ರವು ತಾನಾಗಿ ಅರಿಯದು.

ಇನ್ನೊಂದು ತೊಡಕು ಲಿಪಿಕಾರನಿಂದಲೇ ಬರುವುದು. ಒಂದೇ ಸಂಖ್ಯೆಯನ್ನು ಎರಡು ಗರಿಗಳಿಗೆ ಹಾಕಿರುವುದು ಹಸ್ತಪ್ರತಿಗಳಲ್ಲಿ ಅಪರೂಪವಲ್ಲ. ಎರಡನೆಯ ಹನ್ನೆರಡನೆಯ ಗರಿಗೆ `ole12-2a.jpg` ಎಂದು ಹೆಸರಿಟ್ಟರೆ ಅದು ಹಿಂದಾಗದೆ ಮುಂದಾಗುತ್ತದೆ. 12 ಎಂಬ ಖಂಡ ಸಮಾನವಾಗಿ, ಬಳಿಕ ಅಡ್ಡಗೆರೆಯೂ a ಯೂ ಎದುರಾಗುತ್ತವೆ. ಅಡ್ಡಗೆರೆಯ ಸ್ಥಾನ 45, a ಯ ಸ್ಥಾನ 97. ಆದ್ದರಿಂದ ಮೊದಲಿನದನ್ನು `ole12-1a.jpg`, ಎರಡನೆಯದನ್ನು `ole12-2a.jpg` ಎಂದು ಎರಡಕ್ಕೂ ಉಪಸಂಖ್ಯೆ ಕೊಡಬೇಕು. ಆಗ ಅಡ್ಡಗೆರೆಗೆ ಅಡ್ಡಗೆರೆಯೇ ಎದುರಾಗಿ ನಿರ್ಣಯವು 1, 2 ಎಂಬ ಅಂಕಗಳಿಗೆ ಉಳಿಯುತ್ತದೆ.

ಸಹಜ ಅನುಕ್ರಮದಲ್ಲಿ ಜೋಡಿಸಿದ ಮೇಲೆ ಸಾಲನ್ನು ಒಮ್ಮೆ ಕಣ್ಣಾಡಿಸಿದರೆ 57ರ ಹಿಂಬದಿಯ ಬಳಿಕ 59ರ ಮುಂಬದಿ ಬಂದಿರುವುದು ತಟ್ಟನೆ ಕಾಣುತ್ತದೆ. ಆಗ 58ನೆಯ ಗರಿ ಕಟ್ಟಿನಲ್ಲಿಯೇ ಲುಪ್ತವಾಗಿದೆಯೋ, ಚಿತ್ರ ತೆಗೆಯುವಾಗ ಬಿಟ್ಟುಹೋಗಿದೆಯೋ ಎಂಬುದನ್ನು ಮೂಲಪ್ರತಿಯ ಕಟ್ಟನ್ನು ಬಿಚ್ಚಿಯೇ ನೋಡಬೇಕು.