ದಂಡ ಕಟ್ಟಿದರೂ ‘ಬಾಕಿ’ ಎಂದೇ ತೋರಿಸಿದರೆ

ಸಂಚಾರ ನಿಯಮ ಉಲ್ಲಂಘನೆಯ ದಂಡವನ್ನು ಆನ್‌ಲೈನ್‌ನಲ್ಲಿ ಕಟ್ಟಿದಾಗ ಹಣ ಮೊದಲು ಬ್ಯಾಂಕ್ ಖಾತೆಯಿಂದ ಕಡಿತವಾಗಿ ಪೇಮೆಂಟ್ ಗೇಟ್‌ವೇಗೆ ಹೋಗುತ್ತದೆ. ಇಂತಹ ಚಲನ್‌ಗೆ ಹಣ ಬಂದಿದೆ ಎಂಬ ಸಂದೇಶ ಅಲ್ಲಿಂದ ಇಲಾಖೆಯ ಸರ್ವರ್ ತಲುಪಿದ ಮೇಲಷ್ಟೇ ರಸೀದಿ ಹುಟ್ಟುತ್ತದೆ. ನೆಟ್‌ವರ್ಕ್ ಕೈಕೊಟ್ಟು ಈ ಸಂದೇಶ ನಡುವೆ ನಿಂತರೆ ಖಾತೆಯಲ್ಲಿ ಹಣ ಇರುವುದಿಲ್ಲ, ವಾಹನದ ಹೆಸರಿನಲ್ಲಿ ದಂಡ ಮಾತ್ರ ಉಳಿದಿರುತ್ತದೆ.

ಹೆಲ್ಮೆಟ್ ಹಾಕದ್ದಕ್ಕೆ ಬಿದ್ದ 500 ರೂಪಾಯಿ ದಂಡವನ್ನು ಬೈಕ್ ಸವಾರರೊಬ್ಬರು ಸೋಮವಾರ ಸಂಜೆ ಯುಪಿಐನಲ್ಲಿ ಕಟ್ಟುತ್ತಾರೆ ಎನ್ನೋಣ. ಹಣ ಕಡಿತವಾದ ಎಸ್ಸೆಮ್ಮೆಸ್ ಬರುತ್ತದೆ, ರಸೀದಿ ಬರುವುದಿಲ್ಲ. ಗಾಬರಿಯಿಂದ ಅವರು ಮತ್ತೆ 500 ರೂಪಾಯಿ ಕಟ್ಟುತ್ತಾರೆ. ಎರಡು ಬಾರಿ ಪಾವತಿಯಾಗುವುದು ಹೆಚ್ಚಾಗಿ ಹೀಗೆಯೇ. ಇಂತಹ ಹೊತ್ತಿನಲ್ಲಿ ಮಾಡಬೇಕಾದದ್ದು ಯುಪಿಐ ವ್ಯವಹಾರದ 12 ಅಂಕಿಗಳ ಯುಟಿಆರ್ ಸಂಖ್ಯೆಯನ್ನು ಬರೆದಿಟ್ಟುಕೊಂಡು ಕಾಯುವುದು. ರಿಸರ್ವ್ ಬ್ಯಾಂಕಿನ 2019ರ ಸೂಚನೆಯಂತೆ, ಖಾತೆಯಿಂದ ಹಣ ಹೋಗಿಯೂ ಪಡೆಯುವವರ ಕಡೆ ಖಚಿತವಾಗದಿದ್ದರೆ ಪಾವತಿಯ ದಿನದ ನಂತರ 5 ದಿನಗಳೊಳಗೆ ಅದು ತಾನಾಗಿ ವಾಪಸಾಗಬೇಕು. ರಜಾದಿನಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಸೋಮವಾರದ ಹಣಕ್ಕೆ ಶನಿವಾರವೇ ಗಡುವು. ಅದು ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲಬೇಕು. ದೂರನ್ನು ಬ್ಯಾಂಕಿಗೆ ಕೊಡಬೇಕು. ಅಲ್ಲಿ 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಮೊರೆ ಹೋಗಬಹುದು.

ರಸೀದಿ ಕೈಸೇರಿಯೂ ದಂಡ ಬಾಕಿ ಎಂದೇ ಕಾಣುತ್ತಿದ್ದರೆ ವಿಷಯ ಬೇರೆ. ಹಣ ಇಲಾಖೆಗೆ ಮುಟ್ಟಿದೆ, ದಾಖಲೆ ಮಾತ್ರ ತಿದ್ದುಪಡಿಯಾಗಿಲ್ಲ. ಒಂದು ಕಡೆ ಕಟ್ಟಿದ್ದು ಇನ್ನೊಂದು ಪೋರ್ಟಲ್‌ನಲ್ಲಿ ಕಾಣಲು ಸಮಯ ಹಿಡಿಯಬಹುದು. ಹೀಗಾದಾಗ ಬ್ಯಾಂಕಿಗೆ ಅಲೆದು ಫಲವಿಲ್ಲ. ಚಲನ್ ನೀಡಿದ ಸಂಚಾರ ಪೊಲೀಸರಿಗೆ ಅಥವಾ ಪರಿವಾಹನ್ ಇ-ಚಲನ್ ತಾಣದ ದೂರು ವಿಭಾಗಕ್ಕೆ ರಸೀದಿ, ಚಲನ್ ಸಂಖ್ಯೆ ಮತ್ತು ವಾಹನ ಸಂಖ್ಯೆಯನ್ನು ಕಳಿಸಬೇಕು. ಗಾಡಿ ಮಾರುವ ಯೋಚನೆ ಇದ್ದರೆ ಇದನ್ನು ಮೊದಲೇ ಮುಗಿಸಿಕೊಳ್ಳುವುದು ಒಳಿತು.

ಎರಡು ಬಾರಿ ಕಟ್ಟಿದೆ ಎಂದು ಖಚಿತಪಡಿಸಿಕೊಳ್ಳಲು ಎರಡೂ ರಸೀದಿಗಳ ಚಲನ್ ಸಂಖ್ಯೆಯನ್ನು ಹೋಲಿಸಬೇಕು. ಸಂಖ್ಯೆ ಬೇರೆಯಾಗಿದ್ದರೆ ಅವು ಎರಡು ಪ್ರತ್ಯೇಕ ಪ್ರಕರಣಗಳು. ಒಂದೇ ದಿನ ಎರಡು ಸಿಗ್ನಲ್‌ಗಳ ಕ್ಯಾಮೆರಾಗಳಿಗೆ ಸಿಕ್ಕಿಬಿದ್ದವರಿಗೆ ಹೀಗಾಗುವುದುಂಟು. ಸಂಖ್ಯೆ ಒಂದೇ ಇದ್ದು ಯುಟಿಆರ್ ಎರಡಿದ್ದು ಎರಡೂ ಪಾವತಿ ಯಶಸ್ವಿಯಾಗಿದ್ದರೆ, ಆ ಹಣ ತಾನಾಗಿ ವಾಪಸ್ ಬರುತ್ತದೆಂದು ನಂಬಿ ಕೂರುವಂತಿಲ್ಲ. ಬ್ಯಾಂಕಿನ ದೃಷ್ಟಿಯಲ್ಲಿ ಆ ವ್ಯವಹಾರ ಮುಗಿದಿದೆ. ಎರಡೂ ಯುಟಿಆರ್, ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಖಾತೆಯ ವಿವರ ಲಗತ್ತಿಸಿ ಹಣ ಪಡೆದ ಇಲಾಖೆಗೇ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಬೇಕು.