ಮಿಂಚಂಚೆಯೊಂದನ್ನು ಸಾಕ್ಷ್ಯವಾಗಿ ಕಾದಿರಿಸುವ ಬಗೆ

ಮನೆಯ ಒಡೆಯರು ಠೇವಣಿ ಹಿಂದಿರುಗಿಸುವುದಾಗಿ ಒಪ್ಪಿಕೊಳ್ಳುವುದು, ವಿಮಾ ಸಂಸ್ಥೆ ಪರಿಹಾರದ ಮೊತ್ತವನ್ನು ತಿಳಿಸುವುದು, ಗುತ್ತಿಗೆದಾರ ಕೆಲಸ ಮುಗಿಸುವ ದಿನಾಂಕ ಕೊಡುವುದು ಎಲ್ಲವೂ ಈಗ ಮಿಂಚಂಚೆಯ ಮೂಲಕವೇ ನಡೆಯುತ್ತದೆ. ಹಿಂದೆ ಇಂತಹ ಪತ್ರಗಳು ಬಂದರೆ ಹಿರಿಯರು ಅವನ್ನು ಲಕೋಟೆಯ ಸಮೇತ ಕಪಾಟಿನಲ್ಲಿ ಇಡುತ್ತಿದ್ದರು. ಲಕೋಟೆಯ ಮೇಲಿನ ಅಂಚೆ ಮುದ್ರೆಯೇ ಪತ್ರ ಬಂದ ದಿನಕ್ಕೆ ಸಾಕ್ಷಿಯಾಗುತ್ತಿತ್ತು. ಮಿಂಚಂಚೆಗೂ ಇಂತಹದೊಂದು ಲಕೋಟೆಯಿದೆ. ಅದು ಪರದೆಯ ಮೇಲೆ ಕಾಣುವುದಿಲ್ಲ. ಪಿಡಿಎಫ್ ಕಡತದಲ್ಲಿಯೂ ಉಳಿಯುವುದಿಲ್ಲ. ಆದುದರಿಂದ ಮಿಂಚಂಚೆಯನ್ನು ಪಿಡಿಎಫ್ ಆಗಿ ಉಳಿಸುವಾಗ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ ಎಂಬುದನ್ನು ಅರಿತಿರುವುದು ಅವಶ್ಯ.

ಒಂದು ಉದಾಹರಣೆಯನ್ನು ಇಟ್ಟುಕೊಂಡು ನೋಡೋಣ. ಮುಂಬಯಿಯ ಚೆಂಬೂರಿನಲ್ಲಿ ಬಾಡಿಗೆಗಿದ್ದ ಕುಟುಂಬವೊಂದು 2025ರ ಮಾರ್ಚ್ 31ರಂದು ಮನೆಯನ್ನು ತೆರವು ಮಾಡಿತು ಎಂದುಕೊಳ್ಳಿ. ಠೇವಣಿಯ ಮೊತ್ತ 1,50,000 ರೂಪಾಯಿ. ಏಪ್ರಿಲ್ 2ರ ರಾತ್ರಿ ಮನೆಯ ಒಡೆಯರಿಂದ ಮಿಂಚಂಚೆ ಬರುತ್ತದೆ: ಬಣ್ಣದ ಕೆಲಸಕ್ಕೆ 12,000 ರೂಪಾಯಿ ಕಳೆದು ಉಳಿದ 1,38,000 ರೂಪಾಯಿಗಳನ್ನು ಮೂವತ್ತು ದಿನಗಳೊಳಗೆ ಕೊಡುತ್ತೇನೆ, ಬಣ್ಣದವನ ರಸೀದಿಯನ್ನು ಲಗತ್ತಿಸಿದ್ದೇನೆ ಎಂದು. ಮೂವತ್ತು ದಿನಗಳು ಕಳೆದರೂ ಹಣ ಬಾರದಿದ್ದರೆ ಈ ಪತ್ರವೇ ಕುಟುಂಬದ ಕೈಯಲ್ಲಿರುವ ಮುಖ್ಯ ಆಧಾರ. ಹಣ ವಸೂಲಿಯ ದಾವೆಗೆ ಕಾಲಮಿತಿ ಕಾಯ್ದೆಯಂತೆ ಸಾಮಾನ್ಯವಾಗಿ ಮೂರು ವರ್ಷಗಳ ಅವಧಿಯಿದೆ. ಅಷ್ಟು ಕಾಲವಾದರೂ ಈ ದಾಖಲೆ ಪ್ರಶ್ನೆಗೆ ಎಡೆಯಿಲ್ಲದಂತೆ ಉಳಿಯಬೇಕು.

ಬಹುತೇಕರು ಮಾಡುವುದು ಪರದೆಯ ಚಿತ್ರ ತೆಗೆದಿಡುವ ಕೆಲಸ. ಅದರಲ್ಲಿ ಕಳುಹಿಸಿದವರ ಹೆಸರು ಕಾಣುತ್ತದೆಯೇ ಹೊರತು ಪೂರ್ಣ ವಿಳಾಸ ಅನೇಕ ವೇಳೆ ಕಾಣುವುದಿಲ್ಲ. ಹೆಸರನ್ನಾದರೋ ಯಾರು ಬೇಕಾದರೂ ತಮಗಿಷ್ಟ ಬಂದಂತೆ ಇಟ್ಟುಕೊಳ್ಳಬಹುದು. ಗುರುತು ಹಿಡಿಯಬೇಕಾದುದು ವಿಳಾಸವನ್ನು. "ನಿನ್ನೆ", "ಮೂರು ದಿನಗಳ ಹಿಂದೆ" ಎಂಬಂತಹ ಸೂಚನೆಗಳೂ ವರ್ಷ ಕಳೆದ ಮೇಲೆ ಅರ್ಥ ಕಳೆದುಕೊಳ್ಳುತ್ತವೆ. ಪಿಡಿಎಫ್‌ನಲ್ಲಿ ಈ ಕೊರತೆಗಳು ಇರುವುದಿಲ್ಲ.

ಜಿಮೇಲ್ ಬಳಸುವವರು ಗಣಕಯಂತ್ರದಲ್ಲಿ ಹೀಗೆ ಮಾಡಬೇಕು. ಆ ಪತ್ರವನ್ನು ತೆರೆದು, ಅದರ ಬಲಭಾಗದಲ್ಲಿರುವ ಮೂರು ಚುಕ್ಕೆಗಳನ್ನು ಒತ್ತಿ Print ಎಂಬುದನ್ನು ಆರಿಸಿರಿ. ಮುದ್ರಣದ ಕಿಟಕಿ ತೆರೆದಾಗ Destination ಎಂಬಲ್ಲಿ ಮುದ್ರಣಯಂತ್ರದ ಹೆಸರಿನ ಬದಲು Save as PDF ಎಂಬುದನ್ನು ಆರಿಸಿರಿ. More settings ಎಂಬುದರೊಳಗೆ Headers and footers ಎಂಬ ಚೌಕಕ್ಕೆ ಗುರುತು ಹಾಕಿದರೆ ಪ್ರತಿ ಪುಟದ ಅಂಚಿನಲ್ಲಿ ಪಿಡಿಎಫ್ ಮಾಡಿದ ದಿನಾಂಕವೂ ಪುಟದ ವಿಳಾಸವೂ ಮೂಡುತ್ತವೆ. ನಂತರ Save ಒತ್ತಿ, ಕಡತಕ್ಕೆ ದಿನಾಂಕದಿಂದ ಆರಂಭವಾಗುವ ಹೆಸರು ಕೊಡಿರಿ. ನಮ್ಮ ಉದಾಹರಣೆಗೆ 2025-04-02-deposit.pdf ಎಂಬ ಹೆಸರು ಸಾಕು. ಹೀಗೆ ಹೆಸರಿಟ್ಟ ಕಡತಗಳು ತಾವಾಗಿಯೇ ಕಾಲಕ್ರಮದಲ್ಲಿ ಜೋಡಣೆಗೊಳ್ಳುತ್ತವೆ.

ಉಳಿಸಿದ ಕೂಡಲೇ ಕಡತವನ್ನು ಒಮ್ಮೆ ತೆರೆದು ಓದಬೇಕು. ಇಲ್ಲಿ ಮೂರು ಸಂಗತಿಗಳನ್ನು ಗಮನಿಸುವುದು ಒಳ್ಳೆಯದು. ಮೊದಲನೆಯದು, ಕಳುಹಿಸಿದವರ ಮತ್ತು ಪಡೆದವರ ಪೂರ್ಣ ವಿಳಾಸ, ದಿನಾಂಕ, ವೇಳೆ ಇವೆಯೇ ಎಂಬುದು. ಇಲ್ಲಿ ಕಾಣುವ ವೇಳೆ ತಮ್ಮ ಗಣಕಯಂತ್ರದ ಗಡಿಯಾರದ ವಲಯಕ್ಕೆ ಅನುಗುಣವಾಗಿರುತ್ತದೆ. ದುಬೈಯಲ್ಲಿರುವ ಮಗ ಅದೇ ಪತ್ರವನ್ನು ಅಲ್ಲಿ ಪಿಡಿಎಫ್ ಮಾಡಿದರೆ ಒಂದೂವರೆ ಗಂಟೆಯ ವ್ಯತ್ಯಾಸ ಕಾಣಬಹುದು, ಅದು ತಿದ್ದುಪಡಿಯಲ್ಲ.

ಎರಡನೆಯದು ಮರೆಯಾದ ಭಾಗ. ಹಲವು ಉತ್ತರ ಪ್ರತ್ಯುತ್ತರಗಳಿರುವ ಸಂವಾದವನ್ನು ಮೇಲ್ಭಾಗದ ಮುದ್ರಣಯಂತ್ರದ ಚಿಹ್ನೆಯಿಂದ ಒಟ್ಟಿಗೆ ಮುದ್ರಿಸಿದರೆ ಕೆಲವೆಡೆ [Quoted text hidden] ಎಂಬ ಸಾಲು ಬರುತ್ತದೆ. ಹಿಂದಿನ ಪತ್ರದಿಂದ ಉದ್ಧರಿಸಿದ ಭಾಗವನ್ನು ಜಿಮೇಲ್ ಅಲ್ಲಿ ಬಿಟ್ಟುಬಿಟ್ಟಿದೆ ಎಂದು ಇದರ ಅರ್ಥ. ಎದುರು ಪಕ್ಷದವರು ನಮ್ಮ ಯಾವ ಮಾತಿಗೆ ಉತ್ತರವಾಗಿ ಒಪ್ಪಿಗೆ ಕೊಟ್ಟರು ಎಂಬುದೇ ಕೆಲವೊಮ್ಮೆ ಆ ಭಾಗದಲ್ಲಿರುತ್ತದೆ. ಆದುದರಿಂದ ಮುಖ್ಯವಾದ ಪ್ರತಿಯೊಂದು ಪತ್ರವನ್ನೂ ಅದರದೇ ಮೂರು ಚುಕ್ಕೆಗಳ ಮೂಲಕ ಪ್ರತ್ಯೇಕವಾಗಿ ಉಳಿಸುವುದು ಕ್ಷೇಮ.

ಮೂರನೆಯದು ಲಗತ್ತು. ಪಿಡಿಎಫ್‌ನಲ್ಲಿ ಲಗತ್ತಿನ ಹೆಸರೂ ಗಾತ್ರವೂ ಮಾತ್ರ ಬರುತ್ತವೆ, ಒಳಗಿನ ವಿಷಯ ಬರುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಬಣ್ಣದವನ ರಸೀದಿಯನ್ನು ಬೇರೆಯಾಗಿ ಇಳಿಸಿಕೊಂಡು ಅದೇ ಕೋಶದಲ್ಲಿ ಇಡಬೇಕು. ಲಗತ್ತಿನ ಬದಲು ಕೊಂಡಿಯನ್ನಷ್ಟೇ ಕಳುಹಿಸಿದ್ದರೆ ಇನ್ನೂ ತುರ್ತು, ಏಕೆಂದರೆ ಕೊಂಡಿಯ ಆಚೆಗಿರುವುದನ್ನು ಕಳುಹಿಸಿದವರು ಯಾವಾಗ ಬೇಕಾದರೂ ತೆಗೆದುಬಿಡಬಹುದು.

ಇಷ್ಟಾದರೆ ಓದಲು ಅನುಕೂಲವಾದ ಪ್ರತಿ ಸಿದ್ಧವಾಯಿತು. ಆದರೆ ಎದುರು ಪಕ್ಷದವರು "ಪಿಡಿಎಫ್ ಅನ್ನು ಯಾರು ಬೇಕಾದರೂ ತಯಾರಿಸಬಹುದು, ನಾನು ಹಾಗೆ ಬರೆದೇ ಇಲ್ಲ" ಎಂದರೆ? ಅವರ ಮಾತಿನ ಮೊದಲ ಭಾಗ ನಿಜವೇ. ಪಿಡಿಎಫ್‌ನಲ್ಲಿ ಅಕ್ಷರಗಳನ್ನು ಬದಲಿಸುವುದು ಕಷ್ಟವಲ್ಲ. ಇಲ್ಲಿಯೇ ಆ ಕಾಣದ ಲಕೋಟೆ ಬೇಕಾಗುವುದು.

ಪ್ರತಿಯೊಂದು ಮಿಂಚಂಚೆಯ ಹಿಂದೆ, ಅದು ಯಾವ ಯಾವ ಸರ್ವರ್‌ಗಳ ಮೂಲಕ ಎಷ್ಟು ಹೊತ್ತಿಗೆ ಹಾದುಬಂದಿತು ಎಂಬ ವಿವರಗಳಿರುವ ಶಿರೋಭಾಗವಿರುತ್ತದೆ. ಅದರಲ್ಲಿ ಆ ಪತ್ರಕ್ಕೆ ಮಾತ್ರ ಸೇರಿದ ಗುರುತಿನ ಸಂಕೇತವೂ, ದೊಡ್ಡ ಅಂಚೆ ಸೇವೆಗಳಿಂದ ಬಂದ ಪತ್ರವಾದರೆ DKIM ಎಂಬ ಡಿಜಿಟಲ್ ಮೊಹರೂ ಇರುತ್ತದೆ. ಕಳುಹಿಸಿದ ಸೇವೆಯ ಸರ್ವರ್ ಪತ್ರದ ಒಕ್ಕಣೆಯನ್ನೂ ಶಿರೋಭಾಗದ ಮುಖ್ಯ ಸಾಲುಗಳನ್ನೂ ಲೆಕ್ಕ ಹಾಕಿ ಈ ಮೊಹರನ್ನು ಒತ್ತುತ್ತದೆ. ನಂತರ ಯಾರಾದರೂ 1,38,000 ಎಂಬುದನ್ನು 1,48,000 ಎಂದು ತಿದ್ದಿದರೆ ಮೊಹರು ತಾಳೆಯಾಗುವುದಿಲ್ಲ. ಪತ್ರದ ಮೂರು ಚುಕ್ಕೆಗಳಲ್ಲಿ Show original ಎಂಬುದನ್ನು ಒತ್ತಿದರೆ ಇವೆಲ್ಲ ಕಾಣುತ್ತವೆ. DKIM ಎಂಬ ಸಾಲಿನಲ್ಲಿ PASS ಎಂದಿದ್ದರೆ ಪತ್ರ ತಲಪಿದಾಗ ಮೊಹರು ಸರಿಯಾಗಿತ್ತು ಎಂದರ್ಥ. ಆದರೆ ಈ ಮೊಹರು ಯಾವ ಸೇವೆಯಿಂದ ಪತ್ರ ಹೊರಟಿತು ಎಂಬುದನ್ನು ಹೇಳುತ್ತದೆಯೇ ಹೊರತು ಕೀಲಿಮಣೆಯ ಮುಂದೆ ಯಾರು ಕುಳಿತಿದ್ದರು ಎಂಬುದನ್ನು ಹೇಳಲಾರದು.

ಈ ಲಕೋಟೆಯನ್ನು ಉಳಿಸಲು ಅದೇ ಮೂರು ಚುಕ್ಕೆಗಳಲ್ಲಿ Download message ಎಂಬುದನ್ನು ಒತ್ತಬೇಕು. ಆಗ .eml ಎಂದು ಕೊನೆಗೊಳ್ಳುವ ಕಡತ ದೊರೆಯುತ್ತದೆ. ಲಗತ್ತುಗಳೂ ಅದರೊಳಗೇ ಇರುತ್ತವೆ. ಇದನ್ನು 2025-04-02-deposit.eml ಎಂದು ಹೆಸರಿಸಿ ಪಿಡಿಎಫ್‌ನ ಪಕ್ಕದಲ್ಲಿಯೇ ಇಡಿರಿ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ದ 7ನೆಯ ಕಲಮು ಕೂಡ ವಿದ್ಯುನ್ಮಾನ ದಾಖಲೆಯನ್ನು ಕಾಪಾಡುವಾಗ ಅದರ ಮೂಲ ಸ್ವರೂಪಕ್ಕೂ, ಎಲ್ಲಿಂದ ಎಲ್ಲಿಗೆ ಯಾವಾಗ ಹೋಯಿತು ಎಂಬ ವಿವರಕ್ಕೂ ಮಹತ್ವ ಕೊಡುತ್ತದೆ. ಪಿಡಿಎಫ್ ಓದುವವರಿಗೆ; .eml ಪರೀಕ್ಷಿಸುವವರಿಗೆ. ಪತ್ರವನ್ನು ಬೇರೊಂದು ವಿಳಾಸಕ್ಕೆ ಮುಂದೆ ಕಳುಹಿಸಿಟ್ಟರೆ ಸಾಕು ಎಂದು ಭಾವಿಸುವವರೂ ಇದ್ದಾರೆ. ಹಾಗೆ ಕಳುಹಿಸಿದ್ದು ಹೊಸ ಪತ್ರವಾಗುತ್ತದೆ, ಅದರ ಮೇಲಿನ ಮೊಹರು ನಮ್ಮದೇ ಆಗಿರುತ್ತದೆ.

ಉಳಿಸಿದ ಕಡತ ಅನಂತರ ಬದಲಾಗಿಲ್ಲವೆಂದು ತೋರಿಸಲು ಒಂದು ಸರಳ ಸಾಧನವಿದೆ. ಅದನ್ನು ಹ್ಯಾಶ್ ಎನ್ನುತ್ತಾರೆ. ಕಡತದ ಬೆರಳಚ್ಚು ಎಂದು ತಿಳಿಯಬಹುದು. ವಿಂಡೋಸ್ ಗಣಕಯಂತ್ರದಲ್ಲಿ ಕಡತವಿರುವ ಕೋಶವನ್ನು ತೆರೆದು, ಮೇಲಿನ ವಿಳಾಸದ ಪಟ್ಟಿಯಲ್ಲಿ cmd ಎಂದು ಬರೆದು Enter ಒತ್ತಿದರೆ ಕಪ್ಪು ಕಿಟಕಿಯೊಂದು ತೆರೆಯುತ್ತದೆ. ಅಲ್ಲಿ ಹೀಗೆ ಬರೆಯಿರಿ:

```
certutil -hashfile 2025-04-02-deposit.eml SHA256
```

ಅಂಕಿ ಮತ್ತು ಅಕ್ಷರಗಳು ಬೆರೆತ 64 ಚಿಹ್ನೆಗಳ ಸಾಲೊಂದು ಬರುತ್ತದೆ. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಈ ಸಾಲು ಸಂಪೂರ್ಣ ಬೇರೆಯಾಗುತ್ತದೆ. ಪಿಡಿಎಫ್‌ಗೂ ಹೀಗೆಯೇ ಮಾಡಿ, ಎರಡೂ ಸಾಲುಗಳನ್ನು ನಕಲಿಸಿ ತಮ್ಮದೇ ವಿಳಾಸಕ್ಕೆ ಒಂದು ಮಿಂಚಂಚೆ ಕಳುಹಿಸಿಕೊಂಡರೆ, ಆ ದಿನದಂದೇ ಕಡತ ಹೀಗಿತ್ತು ಎಂಬುದಕ್ಕೆ ದಿನಾಂಕ ಸಹಿತ ಗುರುತು ಉಳಿಯುತ್ತದೆ. ಒಂದೇ ಪತ್ರವನ್ನು ಎರಡು ಬಾರಿ ಪಿಡಿಎಫ್ ಮಾಡಿದರೆ ಎರಡರ ಬೆರಳಚ್ಚು ಬೇರೆಯಾಗಿರುತ್ತದೆ. ತಯಾರಾದ ವೇಳೆಯೂ ಕಡತದೊಳಗೆ ದಾಖಲಾಗುವುದೇ ಇದಕ್ಕೆ ಕಾರಣ. ಆದುದರಿಂದ ಒಂದನ್ನೇ ಮಾಡಿ, ಅದನ್ನೇ ಕಾಪಾಡಬೇಕು. ಪಿಡಿಎಫ್‌ನ ಮೇಲೆ ಗೆರೆ ಎಳೆಯುವುದು, ಟಿಪ್ಪಣಿ ಬರೆಯುವುದು ಬೇಕಾದರೆ ಅದರ ನಕಲಿನ ಮೇಲೆ ಮಾಡಿರಿ.

ನ್ಯಾಯಾಲಯದ ಮೆಟ್ಟಿಲೇರುವ ಪ್ರಸಂಗ ಬಂದರೆ ಈ ಬೆರಳಚ್ಚು ಕಾನೂನಿನಲ್ಲಿಯೂ ಉಪಯೋಗಕ್ಕೆ ಬರುತ್ತದೆ. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಯಲ್ಲಿದೆ. ವಿದ್ಯುನ್ಮಾನ ದಾಖಲೆಯ ಮುದ್ರಿತ ಪ್ರತಿಯನ್ನೋ ನಕಲನ್ನೋ ಹಾಜರುಪಡಿಸುವಾಗ ಅದರೊಂದಿಗೆ ಪ್ರಮಾಣಪತ್ರವಿರಬೇಕೆಂದು ಅದರ 63ನೆಯ ಕಲಮು ಹೇಳುತ್ತದೆ. ಹಳೆಯ ಕಾಯ್ದೆಯ 65ಬಿ ಕಲಮಿನಲ್ಲಿಯೂ ಇಂತಹದೇ ನಿಯಮವಿತ್ತು; ಮೂಲ ಸಾಧನವನ್ನೇ ಹಾಜರುಪಡಿಸದಿದ್ದಲ್ಲಿ ಪ್ರಮಾಣಪತ್ರ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಹೊಸ ನಮೂನೆಯಲ್ಲಿ ಎರಡು ಭಾಗಗಳಿವೆ: ಮೊದಲನೆಯದನ್ನು ದಾಖಲೆ ಹಾಜರುಪಡಿಸುವವರು, ಎರಡನೆಯದನ್ನು ತಜ್ಞರು ತುಂಬಬೇಕು. ಎರಡರಲ್ಲಿಯೂ ಹ್ಯಾಶ್ ಬರೆಯುವ ಸ್ಥಳವಿದೆ. ಇದನ್ನು ಮೊದಲೇ ಸಿದ್ಧಪಡಿಸಿಡಬೇಕಾಗಿಲ್ಲ, ವಕೀಲರ ಮೂಲಕ ಆ ಸಮಯದಲ್ಲಿ ಮಾಡಿಸಬಹುದು. ಆದರೆ ಪತ್ರವನ್ನು ಯಾವ ಖಾತೆಯಿಂದ, ಯಾವ ಗಣಕಯಂತ್ರದಲ್ಲಿ, ಎಂದು ಇಳಿಸಿಕೊಂಡೆವು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೆ ಆಗ ನೆನಪಿಗಾಗಿ ತಡಕಾಡಬೇಕಾಗುವುದಿಲ್ಲ.

ಪ್ರತಿಗಳು ಸಿದ್ಧವಾದುವೆಂದು ಅಂಚೆಪೆಟ್ಟಿಗೆಯಲ್ಲಿರುವ ಮೂಲ ಪತ್ರವನ್ನು ಅಳಿಸಬಾರದು. ಸಂಶಯ ಬಂದಾಗ ಖಾತೆಯನ್ನೇ ತೆರೆದು ತೋರಿಸುವಷ್ಟು ಬಲವಾದ ಉತ್ತರ ಬೇರೆ ಇಲ್ಲ. ಎರಡು ವರ್ಷಗಳ ಕಾಲ ಬಳಸದೇ ಬಿಟ್ಟ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು. ಹಿರಿಯರ ಹೆಸರಿನಲ್ಲಿರುವ ಹಳೆಯ ಖಾತೆಯನ್ನು ಆಗಾಗ ತೆರೆಯುತ್ತಿರಬೇಕು. ಕಚೇರಿಯ ವಿಳಾಸಕ್ಕೆ ಬಂದ ಮನೆಯ ವ್ಯವಹಾರದ ಪತ್ರಗಳಾದರೆ ಕೆಲಸ ಬಿಟ್ಟ ದಿನವೇ ಕೈತಪ್ಪುತ್ತವೆ. ಆದುದರಿಂದ ಒಡೆಯರೊಡನೆ, ವಿಮಾ ಸಂಸ್ಥೆಯೊಡನೆ ನಡೆಸುವ ಪತ್ರವ್ಯವಹಾರಕ್ಕೆ ಸ್ವಂತ ವಿಳಾಸವನ್ನೇ ಕೊಡುವುದು ಲೇಸು. ನಮ್ಮ ಉದಾಹರಣೆಯ ಕುಟುಂಬದ ಕೋಶದಲ್ಲಿ ಕೊನೆಗೆ ಇರಬೇಕಾದುದು ನಾಲ್ಕೇ ವಸ್ತುಗಳು: ಪಿಡಿಎಫ್, .eml ಕಡತ, ಬಣ್ಣದವನ ರಸೀದಿ ಮತ್ತು ಹ್ಯಾಶ್ ಬರೆದ ಟಿಪ್ಪಣಿ. ಇವುಗಳ ಇನ್ನೊಂದು ಪ್ರತಿ ಪೆನ್ ಡ್ರೈವ್‌ನಲ್ಲಿ, ಬಾಡಿಗೆ ಕರಾರುಪತ್ರವಿರುವ ಕಡತದ ಜೊತೆಯಲ್ಲೇ ಇರಲಿ.